ಸೂಜಿಗಿಂತ ಮೊದಲು ರಕ್ತದ ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಎಪ್ಪತ್ತರ ಆಚೀಚೆಯ ಹಿರಿಯರು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ, ಮುಖ ಬಿಳುಚಿಕೊಂಡರೆ, ಮನೆಯವರ ಬಾಯಲ್ಲಿ ಬರುವ ಮಾತು ಒಂದೇ: ‘ಮೈಯಾಗ ರಕ್ತ ಕಡಿಮಿ ಆಗೇತಿ, ಸೂಜಿ ಮಾಡಿಸಬೇಕು.’ ಆ ಸೂಜಿ ಬಹಳ ಸಲ ಕೆಂಪು ಬಣ್ಣದ್ದು, ಅಂದರೆ ಬಿ12 ಜೀವಸತ್ವದ್ದು. ಅದನ್ನು ಕೊಡುವುದು ತಪ್ಪೆಂದು ಹೇಳುವುದಕ್ಕೆ ನಾನು ಬಂದಿಲ್ಲ. ಹೆಚ್ಚಿನವರ ಮಟ್ಟಿಗೆ ಅದು ಸರಿಯಾದ ಮದ್ದೇ. ನನ್ನ ವಾದ ಇಷ್ಟು: ಸೂಜಿಗೆ ಮೊದಲು ಮತ್ತು ಸೂಜಿಯ ನಂತರ ರಕ್ತದ ಲೆಕ್ಕ ತೆಗೆದಿಟ್ಟರೆ ಆ ಮದ್ದೇ ಒಂದು ಪರೀಕ್ಷೆಯೂ ಆಗುತ್ತದೆ. ಲೆಕ್ಕವಿಲ್ಲದೆ ಚುಚ್ಚುತ್ತಾ ಹೋದರೆ ಅದೇ ಮದ್ದು ಇನ್ನೊಂದು ಕಾಯಿಲೆಗೆ ಮರೆಯಾಗಿ ನಿಲ್ಲುತ್ತದೆ. ಆ ಕಾಯಿಲೆಯ ಹೆಸರು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್. ವೈದ್ಯರು ಚುಟುಕಾಗಿ ಎಂಡಿಎಸ್ ಎನ್ನುತ್ತಾರೆ.

ಲ್ಯಾಬಿನಲ್ಲಿ ಕೊಡುವ ಸಿಬಿಸಿ ಎಂಬ ರಕ್ತ ವರದಿಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲ ಸಾಲಿನ ಹಿಮೋಗ್ಲೋಬಿನ್ ನೋಡಿ ಕಾಗದ ಮಡಚಿಬಿಡುತ್ತಾರೆ. ಅದರ ಕೆಳಗೆ ನಾಲ್ಕಾರು ಸಾಲು ಬಿಟ್ಟು ಎಂಸಿವಿ ಎಂಬ ಇನ್ನೊಂದು ಅಂಕಿ ಇರುತ್ತದೆ. ಒಂದೊಂದು ಕೆಂಪುಕಣದ ಸರಾಸರಿ ಗಾತ್ರವನ್ನು ಅದು ಹೇಳುತ್ತದೆ. ದೊಡ್ಡವರಲ್ಲಿ 80ರಿಂದ 100ರ ನಡುವೆ ಇರಬೇಕು. ಕಬ್ಬಿಣಾಂಶ ಕಡಿಮೆಯಾದರೆ ಕಣ ಕುಗ್ಗಿ ಈ ಅಂಕಿ 80ರ ಕೆಳಗಿಳಿಯುತ್ತದೆ. 100 ದಾಟಿತೆಂದರೆ ಕಣ ದೊಡ್ಡದಾಗಿದೆ ಎಂದರ್ಥ, ಆಗ ಕಬ್ಬಿಣದ ಟಾನಿಕ್ಕಿನಿಂದ ಉಪಯೋಗವಿಲ್ಲ. ಕಣ ದೊಡ್ಡದಾಗುವುದು ಶಕ್ತಿಯ ಗುರುತಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪುಕಣ ತಯಾರಾಗುವಾಗ ಎರಡು ಕೆಲಸ ಜೊತೆಜೊತೆಗೆ ನಡೆಯಬೇಕು: ಕೋಶದ ನಡುವಿನ ಬೀಜಕೇಂದ್ರ ವಿಭಜನೆಗೆ ಸಿದ್ಧವಾಗಬೇಕು, ಅದರ ಸುತ್ತ ಹಿಮೋಗ್ಲೋಬಿನ್ ತುಂಬಬೇಕು. ಬಿ12 ಅಥವಾ ಫೋಲಿಕ್ ಆಮ್ಲ ಇಲ್ಲದಿದ್ದರೆ ಬೀಜಕೇಂದ್ರದ ಕೆಲಸ ಹಿಂದೆ ಬೀಳುತ್ತದೆ. ಮಗ್ಗದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹಾಸು ಸಿದ್ಧವಾಗದೆ ಹೊಕ್ಕು ಓಡಿದರೆ ಬಟ್ಟೆ ಹೇಗಾದೀತೋ ಹಾಗೆ. ಕೋಶ ಉಬ್ಬುತ್ತದೆ, ವಿಭಜನೆಯಾಗುವುದಿಲ್ಲ, ಎಷ್ಟೋ ಕೋಶಗಳು ಮಜ್ಜೆಯಲ್ಲೇ ಸತ್ತುಹೋಗುತ್ತವೆ. ಉಳಿದು ಹೊರಬಂದವು ಗಾತ್ರದಲ್ಲಿ ದೊಡ್ಡವು, ಎಣಿಕೆಯಲ್ಲಿ ಕಡಿಮೆ.

ಈ ತಿಳಿವಳಿಕೆಗೂ ಬಟ್ಟೆ ಗಿರಣಿಗಳಿಗೂ ಒಂದು ಹಳೆಯ ನಂಟಿದೆ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಗಿರಣಿ ಕಾರ್ಮಿಕ ಕುಟುಂಬಗಳ ಬಸುರಿಯರಲ್ಲಿ ಕಾಣುತ್ತಿದ್ದ ದೊಡ್ಡ ಕಣದ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ಕೊಟ್ಟರೆ ಆ ಹೆಂಗಸರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತು ಫೋಲಿಕ್ ಆಮ್ಲವೆಂದು ಆಮೇಲೆ ಗೊತ್ತಾಯಿತು. ಬಿ12 ಬೇರ್ಪಟ್ಟು ಕೈಗೆ ಸಿಕ್ಕಿದ್ದು 1948ರಲ್ಲಿ. ಆದರೆ ಈ ಎರಡರ ನಡುವೆ, 1938ರಲ್ಲಿ, ರೋಡ್ಸ್ ಮತ್ತು ಬಾರ್ಕರ್ ಎಂಬ ಇಬ್ಬರು ಅಮೆರಿಕದ ವೈದ್ಯರು ಯಾವ ಮದ್ದಿಗೂ ಬಗ್ಗದ ರಕ್ತಹೀನತೆಯ ನೂರು ರೋಗಿಗಳನ್ನು ಕುರಿತು ಬರೆದರು. ಇಂದು ಎಂಡಿಎಸ್ ಎನ್ನುವ ಕಾಯಿಲೆಯವರು ಆ ಗುಂಪಿನಲ್ಲಿದ್ದರು. ಈಗಿನ ಹೆಸರು ಮತ್ತು ವಿಂಗಡಣೆ ನೆಲೆಗೊಂಡದ್ದು 1982ರಲ್ಲಿ. ಗಮನಿಸಿ, ಈ ಕಾಯಿಲೆ ವೈದ್ಯರ ಕಣ್ಣಿಗೆ ಬಿದ್ದದ್ದೇ ‘ಮದ್ದಿಗೆ ಬಗ್ಗದ್ದು’ ಎಂಬ ಗುಣದಿಂದ. ಮದ್ದು ಕೊಟ್ಟು, ಬಗ್ಗಿತೋ ಇಲ್ಲವೋ ನೋಡುವುದನ್ನೇ ಬಿಟ್ಟರೆ ಅದು ಇಂದಿಗೂ ನಮ್ಮ ಕಣ್ಣಿಗೆ ಬೀಳದು.

ಎಂಡಿಎಸ್‌ನಲ್ಲಿ ಕೊರತೆ ಆಹಾರದ್ದಲ್ಲ, ಮಜ್ಜೆಯ ಮೂಲಕೋಶದ್ದು. ವಯಸ್ಸಾದಂತೆ ಮೂಲಕೋಶಗಳ ವಂಶವಾಹಿಗಳಲ್ಲಿ ಸಣ್ಣಪುಟ್ಟ ತಪ್ಪುಗಳು ಸೇರಿಕೊಳ್ಳುತ್ತವೆ. ಅಂಥ ಒಂದು ಕೋಶದ ಸಂತತಿ ಬೆಳೆದು ಮಜ್ಜೆಯನ್ನು ಆಕ್ರಮಿಸಿದಾಗ ಕಣಗಳ ತಯಾರಿಕೆ ನಡೆಯುತ್ತದೆ, ಆದರೆ ಪಕ್ವವಾಗುವ ಹಾದಿಯಲ್ಲಿ ಅವು ಅಡ್ಡಾದಿಡ್ಡಿಯಾಗುತ್ತವೆ. ಮಜ್ಜೆ ತುಂಬಿರುತ್ತದೆ, ರಕ್ತ ಬರಿದಾಗಿರುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಮುಂದೆ ತೀವ್ರ ರಕ್ತ ಕ್ಯಾನ್ಸರಿಗೆ ತಿರುಗುತ್ತದೆ. ಉಳಿದವರಿಗೆ ಅಪಾಯ ಬರುವುದು ಸೋಂಕಿನಿಂದ, ರಕ್ತಸ್ರಾವದಿಂದ, ಹೃದಯದ ದಣಿವಿನಿಂದ. ಹಿಂದೆ ಕೀಮೋ ಅಥವಾ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಬೆಂಜೀನಿನಂಥ ರಾಸಾಯನಿಕದಲ್ಲಿ ದುಡಿದವರಲ್ಲಿ ಇದು ಹೆಚ್ಚು. ಬಹುಪಾಲು ಹಿರಿಯರಲ್ಲಿ ಮಾತ್ರ ವಯಸ್ಸಿನ ಹೊರತು ಬೇರೆ ಕಾರಣ ಸಿಗುವುದಿಲ್ಲ. ಹೊಲಕ್ಕೆ ಔಷಧಿ ಹೊಡೆದದ್ದಕ್ಕೇ ಬಂತು ಎಂದು ಯಾರನ್ನೂ ದೂರಲು ಒಬ್ಬ ರೋಗಿಯ ಮಟ್ಟಿಗೆ ಪುರಾವೆ ಸಿಗುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ ಆಕ್ಷೇಪವೇ. ನಮ್ಮ ಭಾಗದಲ್ಲಿ ಮಾಂಸ ಮುಟ್ಟದ ಮನೆಗಳು ಬಹಳ. ಸಸ್ಯಾಹಾರಿಗೆ ಬಿ12 ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಷ್ಟು ಉಂಡರೂ ಅದರಲ್ಲಿ ಬಿ12 ಇಲ್ಲ. ವಯಸ್ಸಾದವರು ಹಾಲು ಜೀರ್ಣವಾಗದೆಂದು ಬಿಡುತ್ತಾರೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಎದೆಯುರಿಗೆ ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಇದ್ದ ಬಿ12 ಕೂಡ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹೀಗಿರುವಾಗ ದೊಡ್ಡ ಕಣ ಕಂಡರೆ ಬಿ12 ಕೊರತೆ ಎಂದೇ ನಂಬಿ ಸೂಜಿ ಕೊಟ್ಟರೆ ತಪ್ಪೇನು? ತಪ್ಪಿಲ್ಲ. ಆದರೆ ಕೊರತೆ ಸಾಮಾನ್ಯವಾಗಿರುವ ಊರಿನಲ್ಲಿ ಎಂಡಿಎಸ್ ಇರುವವರಿಗೂ ಆ ಕೊರತೆ ಇದ್ದೇ ಇರಬಹುದು. ಬಿ12 ಕಡಿಮೆ ಎಂದು ವರದಿ ಬಂದ ಮಾತ್ರಕ್ಕೆ ರಕ್ತಹೀನತೆಯ ಕಾರಣ ಅದೊಂದೇ ಎಂದು ತೀರ್ಮಾನವಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಸೂಜಿಗೆ ಮಜ್ಜೆ ಕೊಡುವ ಉತ್ತರ.

ಇಬ್ಬರು ಕಲ್ಪಿತ ರೋಗಿಗಳನ್ನು ಎದುರಿಗಿಟ್ಟುಕೊಳ್ಳೋಣ. ಒಬ್ಬರು ಬೀಳಗಿ ಕಡೆಯ 70 ವರ್ಷದ ರೈತ ಮಹಿಳೆ, ಇನ್ನೊಬ್ಬರು ಬನಹಟ್ಟಿಯ 73 ವರ್ಷದ ನೇಕಾರ. ಇಬ್ಬರ ಸಿಬಿಸಿಯೂ ಹೆಚ್ಚುಕಡಿಮೆ ಒಂದೇ: ಹಿಮೋಗ್ಲೋಬಿನ್ 7.6, ಎಂಸಿವಿ 114, ಬಿಳಿಕಣ 3,200, ಪ್ಲೇಟ್‌ಲೆಟ್ 95 ಸಾವಿರ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊದಲ ವ್ಯತ್ಯಾಸ ಕಾಣುತ್ತದೆ. ಮಹಿಳೆಯ ಬಿಳಿಕಣಗಳ ಬೀಜಕೇಂದ್ರ ಐದು, ಆರು ಹೋಳಾಗಿದೆ, ಬಿ12 ಕೊರತೆಯ ಹಳೆಯ ಗುರುತು ಇದು. ನೇಕಾರನ ಬಿಳಿಕಣಗಳಲ್ಲಿ ಹಲವು ಎರಡೇ ಹೋಳಿನವು, ಕನ್ನಡಕದ ಎರಡು ಗಾಜಿನ ಹಾಗೆ, ಒಳಗಿರಬೇಕಾದ ಕಾಳುಗಳೂ ಮಾಸಿವೆ. ಬಿ12 ಪರೀಕ್ಷೆಯಲ್ಲಿ ಮಹಿಳೆಯದು 110, ನೇಕಾರನದು 190. 200ರ ಕೆಳಗೆ ಕೊರತೆ ಎಂದು ಸಾಮಾನ್ಯವಾಗಿ ಹಿಡಿಯುವುದರಿಂದ ಕಾಗದದ ಮೇಲೆ ಇಬ್ಬರಿಗೂ ಕೊರತೆಯೇ. ಇಬ್ಬರಿಗೂ 1000 ಮೈಕ್ರೋಗ್ರಾಂ ಬಿ12 ಸೂಜಿ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ. ಫೋಲಿಕ್ ಆಮ್ಲ ಒಂದನ್ನೇ ಕೊಡಬಾರದು. ರಕ್ತ ಸುಧಾರಿಸಿದಂತೆ ಕಂಡರೂ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ.

ಈಗ ಏಳನೆಯ ದಿನದ ಲೆಕ್ಕ. ಮಜ್ಜೆಯಿಂದ ಆಗತಾನೆ ಹೊರಬಂದ ಎಳೆ ಕೆಂಪುಕಣಗಳಿಗೆ ರೆಟಿಕ್ಯುಲೊಸೈಟ್ ಎಂಬ ಹೆಸರು. ಕೊರತೆಯೇ ಕಾರಣವಾಗಿದ್ದರೆ ಸೂಜಿ ಬಿದ್ದ ಮೂರ್ನಾಲ್ಕು ದಿನಕ್ಕೆ ಇವು ಏರತೊಡಗಿ, ಒಂದು ವಾರದ ಹೊತ್ತಿಗೆ ಶಿಖರ ಮುಟ್ಟುತ್ತವೆ. ಮಹಿಳೆಯಲ್ಲಿ ಶೇಕಡಾ 1 ಇದ್ದದ್ದು 12 ಆಗಿದೆ. ಎರಡು ವಾರದಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಮೇಲೆದ್ದಿವೆ. ಎಂಟು ವಾರಕ್ಕೆ ಹಿಮೋಗ್ಲೋಬಿನ್ 12, ಎಂಸಿವಿ 90. ಆಕೆಗೆ ಮಜ್ಜೆಯ ಪರೀಕ್ಷೆಯೇ ಬೇಡ, ಸೂಜಿಯೇ ರೋಗನಿರ್ಣಯ ಮಾಡಿಕೊಟ್ಟಿತು. ನೇಕಾರನ ಎಳೆಕಣ ವಾರದ ಬಳಿಕವೂ ಶೇಕಡಾ 1ರ ಆಸುಪಾಸಿನಲ್ಲೇ ಇದೆ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 7.4, ಎಂಸಿವಿ 113, ಪ್ಲೇಟ್‌ಲೆಟ್ 88 ಸಾವಿರ. ಮೊದಲ ಲೆಕ್ಕ ಬರೆದಿಡದಿದ್ದರೆ ಇಲ್ಲಿ ಏನಾಗುತ್ತಿತ್ತು ಊಹಿಸಿ. ‘ಇನ್ನೊಂದು ಕೋರ್ಸ್ ಮಾಡೋಣ, ವಯಸ್ಸಾಗಿದೆ, ನಿಧಾನ ಆಗುತ್ತೆ’ ಎಂಬ ಮಾತು ಹೊರಡುತ್ತಿತ್ತು. ಮೂರನೆಯ ಕೋರ್ಸಿಗೆ ಸಲಾಯಿನ್ ಹಚ್ಚುತ್ತಿದ್ದರು, ಅದರಲ್ಲೂ ಬಿ12 ಬೆರೆಸುತ್ತಿದ್ದರು. ಬಿ12 ಕೊರತೆ ನಿಧಾನಕ್ಕೆ ಗುಣವಾಗುವ ಕಾಯಿಲೆ ಅಲ್ಲ. ಮಜ್ಜೆ ಆರೋಗ್ಯವಾಗಿದ್ದರೆ, ಕಬ್ಬಿಣದ ಕೊರತೆಯೋ ಸೋಂಕೋ ಮೂತ್ರಪಿಂಡದ ತೊಂದರೆಯೋ ಜೊತೆಗಿಲ್ಲದಿದ್ದರೆ, ವಾರದೊಳಗೆ ಉತ್ತರ ಬಂದೇ ಬರುತ್ತದೆ.

ಲೆಕ್ಕ ಎಂದ ಕೂಡಲೇ ಲೆಕ್ಕ ಸರಿಯಿರಬೇಕೆಂಬ ಮಾತೂ ಬಂತು. ಸಣ್ಣ ಊರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ, ಕೊರಿಯರಿನಲ್ಲಿ ದೂರದ ಲ್ಯಾಬಿಗೆ ಹೋಗಿ ಮರುದಿನ ಯಂತ್ರಕ್ಕೆ ಬೀಳುವುದು ಉಂಟು. ಬೇಸಿಗೆಯ ಬಿಸಿಯಲ್ಲಿ ಇಡೀ ದಿನ ಸೀಸೆಯಲ್ಲಿ ನಿಂತ ರಕ್ತದ ಕೆಂಪುಕಣ ತಾನಾಗಿಯೇ ಉಬ್ಬುತ್ತದೆ, ಎಂಸಿವಿ ಸುಳ್ಳಾಗಿ ಏರುತ್ತದೆ. ರಕ್ತದಲ್ಲಿ ಸಕ್ಕರೆ ತೀರಾ ಹೆಚ್ಚಿದ್ದವರಲ್ಲೂ ಯಂತ್ರದ ದ್ರವದಲ್ಲಿ ಬಿದ್ದ ಕಣ ನೀರು ಹೀರಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಒಂದೇ ವರದಿ ನಂಬದೆ, ಹೊಸದಾಗಿ ತೆಗೆದ ರಕ್ತವನ್ನು ಕೆಲವೇ ತಾಸಿನಲ್ಲಿ ನೋಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಗಾಜಿನ ಪಟ್ಟಿಯ ಮೇಲಿನ ಸವರಿಕೆಯನ್ನಾದರೂ ರಕ್ತ ತೆಗೆದ ಜಾಗದಲ್ಲೇ ಮಾಡಿಟ್ಟರೆ ಕಣದ ರೂಪ ಕೆಡುವುದಿಲ್ಲ. ಇದಕ್ಕಿಂತ ದೊಡ್ಡ ಎಡವಟ್ಟು ಆಗುವುದು ಹಿಮೋಗ್ಲೋಬಿನ್ 6 ಕಂಡು ಗಾಬರಿಯಾಗಿ ಆ ಕ್ಷಣವೇ ರಕ್ತ ಏರಿಸಿದಾಗ. ಜೀವಕ್ಕೆ ಬೇಕಿದ್ದರೆ ಏರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆಯವರ ಕಣ ಸೇರಿದ ಮೇಲೆ ಎಂಸಿವಿ ಇಳಿದು ಮೂಲಚಿತ್ರ ಕಲಸಿಹೋಗುತ್ತದೆ. ಸೂಜಿ ಬಿದ್ದ ಮೇಲೆ ಬಿ12 ಅಂಕಿಗೂ ಅರ್ಥವಿಲ್ಲ, ಅದು ಸಾವಿರ ದಾಟಿರುತ್ತದೆ. ರಕ್ತ ಏರಿಸುವ ಮುನ್ನ, ಸೂಜಿ ಚುಚ್ಚುವ ಮುನ್ನ ಎರಡು ಸಣ್ಣ ಸೀಸೆ ರಕ್ತ ತೆಗೆದಿಡುವುದಕ್ಕೆ ಐದು ನಿಮಿಷ ಸಾಕು.

ನೇಕಾರನಿಗೆ ಹಿಂತಿರುಗೋಣ. ಮಜ್ಜೆಗೆ ಹೋಗುವ ಮೊದಲು ಇನ್ನೊಂದು ಜರಡಿ ಹಿಡಿಯಬೇಕು, ಯಾಕೆಂದರೆ ಎಂಡಿಎಸ್‌ನ ವೇಷ ಹಾಕುವುದು ಬಿ12 ಕೊರತೆ ಒಂದೇ ಅಲ್ಲ. ಸಾರಾಯಿ, ಯಕೃತ್ತಿನ ಕಾಯಿಲೆ, ಥೈರಾಯ್ಡ್ ಕೊರತೆ, ಮೂರೂ ಕಣವನ್ನು ದೊಡ್ಡದಾಗಿಸುತ್ತವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ರಕ್ತದ ಬೇರೆ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಕೂಡ ಹಾಗೆಯೇ. ಬಾಗಲಕೋಟೆ ಜಿಲ್ಲೆಯನ್ನು ಎಚ್‌ಐವಿ ದಶಕಗಳಿಂದ ಕಾಡಿರುವುದು ಎಲ್ಲರಿಗೂ ಗೊತ್ತು. ಆ ವೈರಸ್ಸೇ ಮಜ್ಜೆಯ ಕಣಗಳನ್ನು ವಿಕಾರಗೊಳಿಸಬಲ್ಲದು, ಅದಕ್ಕೆ ಕೊಡುತ್ತಿದ್ದ ಜಿಡೊವುಡಿನ್ ಮಾತ್ರೆ ಎಂಸಿವಿಯನ್ನು 110ರ ಮೇಲೇರಿಸುವುದಂತೂ ಪ್ರಸಿದ್ಧ. ಹಿರಿಯರನ್ನು ಈ ಪ್ರಶ್ನೆ ಕೇಳಲು ಸಂಕೋಚಪಟ್ಟು ವೈದ್ಯರು ಸುಮ್ಮನಾದರೆ ರೋಗನಿರ್ಣಯವೇ ದಾರಿ ತಪ್ಪುತ್ತದೆ. ಕೊನೆಯದಾಗಿ ತಾಮ್ರದ ಕೊರತೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ಸತುವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದವರಲ್ಲಿ ಇದು ಬರುತ್ತದೆ. ಮಜ್ಜೆಯ ಎಳೆಕೋಶಗಳಲ್ಲಿ ಗುಳ್ಳೆಗಳು ಕಾಣುತ್ತವೆ, ಎಂಡಿಎಸ್ ಎಂದು ಬರೆದುಬಿಡುವಷ್ಟು ಹೋಲಿಕೆ. ಸತುವು ನಿಲ್ಲಿಸಿ ತಾಮ್ರ ಕೊಟ್ಟರೆ ರಕ್ತ ಸರಿಹೋಗುತ್ತದೆ.

ಇದರಿಂದ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ಮಜ್ಜೆಯ ವರದಿಯಲ್ಲಿ ‘ಡಿಸ್‌ಪ್ಲಾಸಿಯಾ’ ಎಂದು ಬರೆದ ಮಾತ್ರಕ್ಕೆ ತೀರ್ಪು ಬಂತೆಂದು ತಿಳಿಯಬಾರದು. ಕಣ ವಿಕಾರವಾಗಿ ಪಕ್ವವಾಗುತ್ತಿದೆ ಎಂಬುದಷ್ಟೇ ಆ ಪದದ ಅರ್ಥ, ಯಾತಕ್ಕೆ ಎಂಬುದನ್ನು ಅದು ಹೇಳುವುದಿಲ್ಲ. ಬಿ12 ತೀವ್ರವಾಗಿ ಕುಸಿದವರ ಮಜ್ಜೆಯಲ್ಲಿ ದೊಡ್ಡ ಎಳೆಕೋಶಗಳು ತುಂಬಿಕೊಂಡಿರುವುದನ್ನು ಕಂಡು ರಕ್ತ ಕ್ಯಾನ್ಸರ್ ಎಂದು ಭ್ರಮೆಪಡುವಷ್ಟು ಸಾಮ್ಯವಿರುತ್ತದೆ. ಒಂದು ಕಣಸಾಲಿನಲ್ಲಿ ಕನಿಷ್ಠ ಶೇಕಡಾ 10ರಷ್ಟು ಕೋಶಗಳು ವಿಕಾರವಾಗಿರಬೇಕೆಂಬ ನಿಯಮವಿದ್ದರೂ ಅದನ್ನು ಎಣಿಸುವುದು ಮನುಷ್ಯರ ಕಣ್ಣು, ಇಬ್ಬರು ತಜ್ಞರು ಒಂದೇ ಪಟ್ಟಿ ನೋಡಿ ಬೇರೆ ಬೇರೆ ಹೇಳುವುದುಂಟು. ಅದಕ್ಕೇ ಮಜ್ಜೆಯ ಮಾದರಿಯ ಜೊತೆಗೆ ಬಿ12 ಅಂಕಿ, ಸೂಜಿಯ ದಿನಾಂಕಗಳು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಹೋಗಲೇಬೇಕು.

ಮಜ್ಜೆಯ ಪರೀಕ್ಷೆಯ ಬಗ್ಗೆ ಇರುವ ಭಯವೇ ಬೇರೆ. ಬೆನ್ನುಹುರಿಯಿಂದ ನೀರು ತೆಗೆಯುತ್ತಾರೆ ಎಂದು ಜನ ಹೆದರುತ್ತಾರೆ, ಹಾಗಲ್ಲ. ಮಗ್ಗುಲಾಗಿ ಮಲಗಿಸಿ, ಸೊಂಟದ ಮೂಳೆಯ ಹಿಂಭಾಗದಲ್ಲಿ ಚರ್ಮ, ಮೂಳೆಪೊರೆಗಳನ್ನು ಜೋಮು ಹಿಡಿಸಿ, ದಪ್ಪ ಸೂಜಿಯಿಂದ ಒಂದಿಷ್ಟು ಮಜ್ಜೆಯ ರಸವನ್ನೂ ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ಮೂಳೆಯ ಎಳೆಯನ್ನೂ ತೆಗೆಯುತ್ತಾರೆ. ರಸ ಎಳೆಯುವಾಗ ಕ್ಷಣಕಾಲ ಜೋರಾಗಿ ಜಗ್ಗಿದ ನೋವಾಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಹೆಚ್ಚಿನವರು ಸಂಜೆಯೊಳಗೆ ಮನೆಗೆ ಹೋಗುತ್ತಾರೆ. ನಮ್ಮ ನೇಕಾರನ ಮಜ್ಜೆಯಲ್ಲಿ ಕೆಂಪುಕಣದ ಸಾಲಿನ ಮೂರನೆಯ ಒಂದು ಭಾಗ ವಿಕಾರವಾಗಿದೆ, ಪ್ಲೇಟ್‌ಲೆಟ್ ತಯಾರಿಸುವ ಕೋಶಗಳು ಕುಬ್ಜವಾಗಿವೆ, ಬ್ಲಾಸ್ಟ್ ಎಂಬ ಅಪಕ್ವ ಕೋಶ ಶೇಕಡಾ 3. ಜೀವಂತ ಕೋಶಗಳನ್ನು ಬೆಳೆಸಿ ನೋಡಿದ ವರ್ಣತಂತು ಪರೀಕ್ಷೆಯಲ್ಲಿ 20ನೆಯ ವರ್ಣತಂತುವಿನ ಒಂದು ತುಣುಕು ಕಳಚಿಹೋಗಿದೆ. ಕೊರತೆಯಲ್ಲಿ ಕಾಣದ, ಕೋಶಸಂತತಿಯೇ ಬದಲಾಗಿದೆ ಎಂದು ಹೇಳುವ ಸಾಕ್ಷಿ ಇದು. 2012ರಲ್ಲಿ ಬಂದ ಅಂಕಪಟ್ಟಿಯೊಂದರ ಪ್ರಕಾರ ವರ್ಣತಂತುವಿಗೆ 1, ಬ್ಲಾಸ್ಟಿಗೆ 1, ಎಂಟಕ್ಕಿಂತ ಕಡಿಮೆ ಹಿಮೋಗ್ಲೋಬಿನ್‌ಗೆ ಒಂದೂವರೆ, ಪ್ಲೇಟ್‌ಲೆಟ್‌ಗೆ ಅರ್ಧ, ನ್ಯೂಟ್ರೊಫಿಲ್ ಬಿಳಿಕಣ 1,200 ಇರುವುದರಿಂದ ಅದಕ್ಕೆ ಸೊನ್ನೆ. ಒಟ್ಟು 4, ಅಂದರೆ ನಡುಮಟ್ಟದ ಅಪಾಯ. ಬ್ಲಾಸ್ಟ್ 3ರ ಬದಲು 7 ಇದ್ದಿದ್ದರೆ ಅದಕ್ಕೇ 2 ಅಂಕ, ಒಟ್ಟು 5, ಹೆಚ್ಚಿನ ಅಪಾಯದ ಗುಂಪು. ಸಿಬಿಸಿಯಲ್ಲಿ ಒಂದೇ ಆಗಿ ಕಾಣುವ ಇಬ್ಬರು ಎಂಡಿಎಸ್ ರೋಗಿಗಳ ಮುಂದಿನ ವರ್ಷಗಳು ಮಜ್ಜೆಯೊಳಗಿನ ಈ ಒಂದು ಅಂಕಿಯಿಂದ ಬೇರೆಯಾಗುತ್ತವೆ.

‘ಎಪ್ಪತ್ಮೂರು ವರ್ಷದ ಮುದುಕರಿಗೆ ಇಷ್ಟೆಲ್ಲ ಮಾಡಿ ಸಿಗುವುದೇನು, ವಾಸಿಯಾಗುವ ಕಾಯಿಲೆಯಲ್ಲವಲ್ಲ’ ಎಂಬುದು ಎರಡನೆಯ ಆಕ್ಷೇಪ. ಪೂರ್ತಿ ವಾಸಿ ಮಾಡುವುದು ಮೂಲಕೋಶ ಕಸಿ ಒಂದೇ, ಅದನ್ನು ತಡೆದುಕೊಳ್ಳುವ ಹಿರಿಯರು ಕಡಿಮೆ, ನಿಜ. ಆದರೆ ವಾಸಿಯಾಗದ್ದಕ್ಕೆಲ್ಲ ಚಿಕಿತ್ಸೆ ಇಲ್ಲವೆಂದು ಅರ್ಥವಲ್ಲ. ಅಪಾಯ ಕಡಿಮೆ ಇರುವವರಲ್ಲಿ, ರಕ್ತದಲ್ಲಿನ ಎರಿಥ್ರೊಪೊಯೆಟಿನ್ ಮಟ್ಟ 500ಕ್ಕಿಂತ ಕೆಳಗಿದ್ದರೆ, ಅದೇ ಹಾರ್ಮೋನನ್ನು ವಾರಕ್ಕೊಮ್ಮೆ ಕೊಟ್ಟು ರಕ್ತ ಏರಿಸುವ ಅಗತ್ಯವನ್ನು ಎಷ್ಟೋ ಮಂದಿಯಲ್ಲಿ ತಪ್ಪಿಸಬಹುದು. 5ನೆಯ ವರ್ಣತಂತುವಿನ ತುಣುಕು ಕಳಚಿದ ಬಗೆಗೆ ಲೆನಾಲಿಡೊಮೈಡ್ ಎಂಬ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ, ಅದು ಭಾರತದಲ್ಲೇ ತಯಾರಾಗುತ್ತದೆ. ಹೆಚ್ಚಿನ ಅಪಾಯದವರಿಗೆ ತಿಂಗಳಿಗೆ ಏಳು ದಿನ ಚರ್ಮದಡಿ ಕೊಡುವ ಅಜಾಸೈಟಿಡಿನ್ ಆಯುಸ್ಸನ್ನು ಹೆಚ್ಚಿಸುತ್ತದೆಂದು 2009ರ ದೊಡ್ಡ ಪ್ರಯೋಗವೊಂದು ತೋರಿಸಿತು. ಅದರ ಫಲ ಕಾಣಲು ನಾಲ್ಕರಿಂದ ಆರು ಸುತ್ತು ಬೇಕು, ಎರಡು ಸುತ್ತಿಗೇ ಬೇಸತ್ತು ಬಿಡುವವರಿಗೆ ಅದು ದಕ್ಕದು. ಇವು ಯಾವುವೂ ಬೇಡವೆಂದು ಕುಟುಂಬ ನಿರ್ಧರಿಸಿದರೂ ಕಾಯಿಲೆಯ ಹೆಸರು ಗೊತ್ತಿರುವುದರಿಂದ ಉಪಯೋಗವುಂಟು. ವ್ಯರ್ಥ ಕಬ್ಬಿಣದ ಟಾನಿಕ್ ನಿಲ್ಲುತ್ತದೆ, ಏಕೆಂದರೆ ಏರಿಸುವ ಒಂದೊಂದು ಸೀಸೆ ರಕ್ತದಲ್ಲೂ ಇನ್ನೂರು ಮಿಲಿಗ್ರಾಂನಷ್ಟು ಕಬ್ಬಿಣ ಮೈಗೆ ಸೇರುತ್ತಿರುತ್ತದೆ, ಅದು ಹೊರಹೋಗಲು ದಾರಿಯಿಲ್ಲ. ಜ್ವರ ಬಂದರೆ ಮನೆಮದ್ದು ಮಾಡಿಕೊಂಡು ಕೂರದೆ ಅದೇ ದಿನ ಆಸ್ಪತ್ರೆಗೆ ಓಡಬೇಕೆಂಬುದೂ ಗೊತ್ತಾಗುತ್ತದೆ. ಮೊಣಕಾಲು ನೋವಿಗೆ ಪ್ಲೇಟ್‌ಲೆಟ್ ಕೆಲಸ ಕುಂದಿಸುವ ನೋವಿನ ಗುಳಿಗೆ ನುಂಗಬಾರದೆಂಬ ಎಚ್ಚರವೂ ಬರುತ್ತದೆ.

ಹಾಗೆಂದು ಎಂಸಿವಿ 100 ದಾಟಿದವರನ್ನೆಲ್ಲ ಬಾಗಲಕೋಟೆಗೋ ಬೆಳಗಾವಿಗೋ ಬೆಂಗಳೂರಿನ ಕಿದ್ವಾಯಿಗೋ ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ಎಂಡಿಎಸ್ ಎನ್ನಲು ಕಣ ದೊಡ್ಡದಿರುವುದು ಸಾಲದು, ಕಣಗಳ ಎಣಿಕೆಯೂ ಕುಸಿದಿರಬೇಕು, ಆ ಕುಸಿತ ತಿಂಗಳುಗಟ್ಟಲೆ ನಿಂತಿರಬೇಕು. ಹಿಮೋಗ್ಲೋಬಿನ್ 12.5, ಎಂಸಿವಿ 103, ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಸರಿ ಇದ್ದು, ಮೇಲೆ ಹೇಳಿದ ಕಾರಣಗಳು ಯಾವುವೂ ಸಿಗದ ಎಪ್ಪತ್ತೈದರ ಹಿರಿಯರಿಗೆ ಅಂದೇ ಮಜ್ಜೆ ಚುಚ್ಚುವುದರಿಂದ ಅಂಥ ಲಾಭವಿಲ್ಲ. ಅವರಿಗೆ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸಿಬಿಸಿ ಸಾಕು. ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಬೇಕು, ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದೇ ಕಡತದಲ್ಲಿ ಇಡಬೇಕು. ಹಿಮೋಗ್ಲೋಬಿನ್ 10ಕ್ಕೆ ಇಳಿದರೆ, ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಹೋದರೆ, ಬಿಳಿಕಣ ಕುಗ್ಗುತ್ತಾ ಬಂದರೆ, ಅಥವಾ ಸವರಿಕೆಯಲ್ಲಿ ಒಂದೇ ಒಂದು ಬ್ಲಾಸ್ಟ್ ಕಂಡರೂ, ಆ ಕಡತವನ್ನು ಹಿಡಿದುಕೊಂಡು ರಕ್ತರೋಗ ತಜ್ಞರ ಬಳಿ ಹೋಗುವ ಹೊತ್ತು ಬಂದಿದೆ ಎಂದು ತಿಳಿಯಬೇಕು.